ಅಲ್ಲಮನ ಎರಡು ಕಥೆ, ಬಳ್ಳಿಗಾವಿಯ ಒಂದು ಕಲ್ಲು

ಪ್ರಶ್ನೆ: ಶರಣ ಚಳವಳಿ ಹೇಗೆ ಬೆಳೆಯಿತು ಅಂತ ಇತಿಹಾಸದ ಪ್ರಬಂಧ ಬರೀತಿದ್ದೀನಿ. ಹರಿಹರ, ಚಾಮರಸ ಇಬ್ಬರೂ ಭಕ್ತರೇ, ಹೊಗಳಿಯೇ ಬರೆದಿದ್ದಾರೆ. ಅವರನ್ನ ಬಿಟ್ಟು ಬರೀ ಶಾಸನ ನಂಬಿದ್ರೆ ಸಾಕಾ?

ಬಿಡಬೇಡಿ. ಶಿಕಾರಿಪುರದ ಕಡೆಯವನು ನಾನು, ಎಂ.ಎ. ಓದುವಾಗ ಇದೇ ತಪ್ಪು ಮಾಡಿದ್ದೆ. ಕಾವ್ಯವೆಲ್ಲ ಸುಳ್ಳು, ಕಲ್ಲು ಮಾತ್ರ ನಿಜ ಅಂತ ಜಂಬದಲ್ಲಿ ಬರೆದೆ. ಮೇಷ್ಟ್ರು ಪಕ್ಕದಲ್ಲಿ ಒಂದೇ ಸಾಲು ಗೀಚಿದ್ದರು: "ಕಲ್ಲು ಕೆತ್ತಿಸಿದವರು ಯಾರು?"

ನಮ್ಮ ಬಳ್ಳಿಗಾವಿಯ ಅಲ್ಲಮಪ್ರಭುವನ್ನೇ ತಗೊಳ್ಳಿ. ಹರಿಹರ ಬರೆದದ್ದು ಚಳವಳಿಗೆ ತೀರಾ ಹತ್ತಿರದ ಕಾಲದಲ್ಲಿ, ಒಂದೆರಡು ತಲೆಮಾರು ಕಳೆದ ಮೇಲೆ. ಅವನ ರಗಳೆಯಲ್ಲಿ ಅಲ್ಲಮ ಮದ್ದಳೆ ಬಾರಿಸುವ ಹುಡುಗ. ಕಮಲತೆ ಎನ್ನುವವಳನ್ನು ಪ್ರೀತಿಸಿ ಮದುವೆಯಾಗುತ್ತಾನೆ, ಅವಳು ಜ್ವರ ಬಂದು ಸಾಯುತ್ತಾಳೆ. ಹುಚ್ಚನ ಹಾಗೆ ಅಲೆಯುವಾಗ ನೆಲದಲ್ಲಿ ಹೂತ ಗುಡಿಯ ಕಳಸ ಕಾಣುತ್ತದೆ, ಅಗೆಸಿದರೆ ಒಳಗೆ ಅನಿಮಿಷಯೋಗಿ. ಅವನಿಂದ ಲಿಂಗ ಸಿಗುತ್ತದೆ.

ಈಗ ಚಾಮರಸನಿಗೆ ಬನ್ನಿ. ಅವನು ಪ್ರಭುಲಿಂಗಲೀಲೆ ಬರೆದದ್ದು 15ನೇ ಶತಮಾನದಲ್ಲಿ, ವಿಜಯನಗರದ ಪ್ರೌಢದೇವರಾಯನ ಕಾಲ. ಅಲ್ಲಿ ಕಮಲತೆಯೇ ಇಲ್ಲ! ಅವಳ ಜಾಗಕ್ಕೆ ಬನವಾಸಿಯ ರಾಜಕುಮಾರಿ ಮಾಯೆ ಬಂದಿದ್ದಾಳೆ. ಅವಳು ಅಲ್ಲಮನನ್ನು ಒಲಿಸಿಕೊಳ್ಳಲು ನೋಡಿ ಸೋಲುತ್ತಾಳೆ. ಅಲ್ಲಮನ ತಂದೆ ನಿರಹಂಕಾರ, ತಾಯಿ ಸುಜ್ಞಾನಿ, ಮಾಯೆಯ ತಂದೆ ಮಮಕಾರ, ತಾಯಿ ಮೋಹಿನಿ. ಹೆಸರು ಕೇಳಿದರೇ ಗೊತ್ತಾಗುತ್ತದೆ ಅಲ್ವಾ, ಇವರು ಊರಲ್ಲಿ ಬಾಳಿದ ಜನ ಅಲ್ಲ, ತತ್ವಕ್ಕೆ ವೇಷ ಹಾಕಿ ನಿಲ್ಲಿಸಿದ್ದು.

ಇಲ್ಲಿ ಯಾರು ನಿಜ ಹೇಳಿದರು ಅಂತ ತೀರ್ಪು ಕೊಡುವ ಅವಸರ ಬೇಡ. ಏನು ಬದಲಾಯಿತು, ಯಾವ ದಿಕ್ಕಿಗೆ ಬದಲಾಯಿತು ಅಂತ ನೋಡಿ. ಪ್ರೀತಿಸಿ, ಕಳೆದುಕೊಂಡು, ಅತ್ತು ಗುರುವನ್ನು ಕಂಡ ಮನುಷ್ಯ ಎರಡು ಶತಮಾನ ಕಳೆಯುವಷ್ಟರಲ್ಲಿ ಆಸೆಯೇ ಮುಟ್ಟದ ದೇವರಾದ. ಆ ಹೊತ್ತಿಗೆ ಸಂಸಾರ ಬಿಟ್ಟ ವೀರಶೈವ ಸನ್ಯಾಸಿಗಳಾದ ವಿರಕ್ತರ ಬಲ ಹೆಚ್ಚಿತ್ತು, ರಾಜಧಾನಿಯಲ್ಲೇ ಆಶ್ರಯ ಇತ್ತು, ಶರಣರ ವಚನಗಳನ್ನು ಸಂವಾದವಾಗಿ ಹೆಣೆದ ಶೂನ್ಯಸಂಪಾದನೆಯ ಸಂಕಲನ ಶುರುವಾದದ್ದೂ ಆ ಶತಮಾನದಲ್ಲೇ. ಅವರಿಗೆ ಹೆಂಡತಿ ಸತ್ತು ಅತ್ತ ಅಲ್ಲಮ ಹೊಂದುತ್ತಿರಲಿಲ್ಲ ಅಂತ ನನ್ನ ಊಹೆ. ಹಾಗಾಗಿ ಚಾಮರಸ 12ನೇ ಶತಮಾನಕ್ಕೆ ದುರ್ಬಲ ಸಾಕ್ಷಿ, ಆದರೆ ತನ್ನದೇ 15ನೇ ಶತಮಾನಕ್ಕೆ ಮೊದಲ ದರ್ಜೆಯ ಆಕರ. ನೀವು ಯಾವ ಪ್ರಶ್ನೆ ಕೇಳುತ್ತೀರಿ ಅನ್ನುವುದರ ಮೇಲೆ ಅದೇ ಪುಸ್ತಕದ ಬೆಲೆ ಬದಲಾಗುತ್ತದೆ.

ಹಳೆಯವನು ಅಂತ ಹರಿಹರನನ್ನು ಸುಮ್ನೆ ಒಪ್ಪಿಕೊಳ್ಳಬೇಡಿ ಮತ್ತೆ. ಅವನ ಕಥೆಯೂ ಕೈಲಾಸದಲ್ಲೇ ಶುರುವಾಗುವುದು. ಆದರೆ ಭಕ್ತನಾದವನಿಗೆ ತನ್ನ ಗುರುವಿನ ಮೋಹ, ಹೆಂಡತಿಯ ಸಾವು ಇದೆಲ್ಲ ಹೊಗಳಿಕೆಗೆ ಅಷ್ಟೇನೂ ಒದಗದ ಸಂಗತಿ. ಆದರೂ ಉಳಿಸಿಕೊಂಡಿದ್ದಾನೆ ಅಂದರೆ ಜನರ ಬಾಯಲ್ಲಿ ಆ ಕಥೆ ಗಟ್ಟಿಯಾಗಿ ಇದ್ದಿರಬಹುದು. "ಇರಬಹುದು" ಅಷ್ಟೇ. ಇದು ರುಜುವಾತಲ್ಲ.

ಇನ್ನು ಕಲ್ಲಿನ ವಿಷಯ. ಬಳ್ಳಿಗಾವಿಯ ಕೋಡಿಯ ಮಠದ 1162ರ ಶಾಸನ ನೋಡಿ, ರೈಸ್ ಸಂಗ್ರಹಿಸಿದ ಎಪಿಗ್ರಾಫಿಯಾ ಕರ್ನಾಟಿಕಾದ 7ನೇ ಸಂಪುಟದಲ್ಲಿ ಸಿಗುತ್ತದೆ. ನಾಲ್ಕು ವೇದದ ಓದು, ಬಡವರಿಗೆ ಅನ್ನ, ರೋಗಿಗಳಿಗೆ ಔಷಧ ಎಲ್ಲ ಅದರಲ್ಲಿದೆ. ಅದು ಕಾಳಾಮುಖ ಎನ್ನುವ ಹಳೆಯ ಪಂಥದ ಶೈವರ ಮಠ, ಕಾಲ ಕಲಚುರಿ ರಾಜ ಬಿಜ್ಜಳನದು. ಅಂದರೆ ಶರಣರು ಬರುವ ಮೊದಲು ಇಲ್ಲಿ ಶೈವ ಏನೂ ಇರಲಿಲ್ಲ ಅಂತ ಬರೆದರೆ ತಪ್ಪು. ಆದರೆ ಅದು ದತ್ತಿ ಶಾಸನ, ದತ್ತಿ ಪಡೆದ ಮಠದ ಹೊಗಳಿಕೆ ಅದರಲ್ಲಿ ಇದ್ದೇ ಇರುತ್ತದೆ. ಅನ್ನ ಹಾಕುತ್ತಿದ್ದರು ಅಂತ ಕಲ್ಲಿನಲ್ಲಿದೆ, ಯಾರನ್ನು ಬಾಗಿಲಲ್ಲೇ ನಿಲ್ಲಿಸುತ್ತಿದ್ದರು ಅಂತ ಯಾರೂ ಕೆತ್ತಿಸುವುದಿಲ್ಲ.

ಕಲ್ಲಿನ ಮೌನ ಇನ್ನೂ ಅಪಾಯ. ನಮ್ಮ ಪಕ್ಕದ ಹಿರೇಕೆರೂರು ತಾಲ್ಲೂಕಿನ ಅಬ್ಬಲೂರು ಶಾಸನ ಏಕಾಂತದ ರಾಮಯ್ಯ ಎನ್ನುವ ಶಿವಭಕ್ತನ ಬಗ್ಗೆ ಉದ್ದಕ್ಕೆ ಹೇಳುತ್ತದೆ, ಬಸವಣ್ಣನ ಹೆಸರಿಲ್ಲ. ಅದನ್ನು ಸಂಪಾದಿಸಿದ ಫ್ಲೀಟ್ ಚಳವಳಿಯ ಮುಖ್ಯ ಪಾತ್ರವನ್ನೇ ರಾಮಯ್ಯನಿಗೆ ಕೊಟ್ಟು, ಬಸವಣ್ಣನ ಕಥೆಗಳನ್ನು ಅನುಮಾನಿಸಿದ. ಆಮೇಲೆ ಬೆಳಗಾವಿ ಕಡೆಯ ಅರ್ಜುನವಾಡದಲ್ಲಿ 1260ರ ಶಾಸನ ಬೆಳಕಿಗೆ ಬಂತು, ಅದರಲ್ಲಿ ಬಸವಣ್ಣನ ಹೆಸರಿದೆ. ಒಂದು ಕಲ್ಲಿನಲ್ಲಿ ಇಲ್ಲ ಅಂದಮಾತ್ರಕ್ಕೆ ಮನುಷ್ಯನೇ ಇರಲಿಲ್ಲ ಅಂತಾಗುವುದಿಲ್ಲ. ಶಾಸನದ ಕೆಲಸ ದಾನ, ಭೂಮಿ, ಗಡಿ ದಾಖಲು ಮಾಡುವುದು. ಬೀದಿಯಲ್ಲಿ ವಚನ ಹೇಳಿದವರ ಹಾಜರಿ ತಗೊಳ್ಳುವುದಲ್ಲ.

ಅದೇ ಅಬ್ಬಲೂರು ಶಾಸನದಲ್ಲಿ ಜೈನರ ಜೊತೆ ವಾದದಲ್ಲಿ ಗೆದ್ದ ರಾಮಯ್ಯನಿಗೆ ಜಯಪತ್ರ ಕೊಟ್ಟವನು ಬಿಜ್ಜಳನೇ. ಪುರಾಣಗಳಲ್ಲಿ ಖಳನಾದ ರಾಜ ಇಲ್ಲಿ ಶೈವನೊಬ್ಬನನ್ನು ಮನ್ನಿಸುತ್ತಾನೆ. ನಿಮ್ಮ ಪ್ರಬಂಧ ಶುರುವಾಗಬೇಕಾದ ಜಾಗ ಇದು ಅನಿಸುತ್ತದೆ, ಯಾಕೆಂದರೆ ಇದು ಗೆದ್ದ ಶೈವರೇ ನಿಲ್ಲಿಸಿದ ಕಲ್ಲು. ಬಿಜ್ಜಳನನ್ನು ಒಳ್ಳೆಯವನು ಅನ್ನಲು ಅವರಿಗೆ ಏನು ಲಾಭ ಇತ್ತು ಅಂತ ಕೇಳಿ.

ವಚನಗಳನ್ನು ಸಮಕಾಲೀನ ಸಾಕ್ಷಿ ಅಂತ ಹಾಕುವವರು ಜಾಸ್ತಿ. ರಚನೆ 12ನೇ ಶತಮಾನದ್ದೇ ಇರಬಹುದು, ಆದರೆ ನಮಗೆ ಸಿಕ್ಕ ಓಲೆಗರಿ ಪ್ರತಿಗಳು ಬಹಳ ಮಟ್ಟಿಗೆ ನಂತರದ ಶತಮಾನಗಳವು. "ಗುಹೇಶ್ವರ" ಅಂಕಿತ ಇದೆ ಅಂದ ಕೂಡಲೇ ಅಲ್ಲಮನದೇ ಅಂತ ಬರೆಯಬೇಡಿ. ಯಾವ ಸಂಕಲನದಿಂದ ಬಂತು ಅಂತ ಪ್ರತಿ ವಚನಕ್ಕೂ ಹೇಳಿ.

ಕೊನೆಗೆ ಒಂದು ಚಿಕ್ಕ ಅಭ್ಯಾಸ. "ಅಲ್ಲಮ ಕಮಲತೆಯನ್ನು ಮದುವೆಯಾದನು" ಅಂತ ಬರೆದಿದ್ದರೆ ಅಳಿಸಿ, "ಹರಿಹರನ ಪ್ರಕಾರ ಮದುವೆಯಾದನು, ಚಾಮರಸ ಆ ಮದುವೆಯನ್ನೇ ಕೈಬಿಡುತ್ತಾನೆ" ಅಂತ ಹಾಕಿ. ಮುಂದಿನ ವಾಕ್ಯ ತಾನಾಗಿ "ಯಾಕೆ" ಅಂತ ಶುರುವಾಗುತ್ತದೆ.