ಅಕೌಂಟ್ಸ್ ಅಸಿಸ್ಟೆಂಟ್ ಅರ್ಜಿ: ತಾಳೆ ನೋಡಿದ ಕೆಲಸವನ್ನು ಇಮೇಲ್‌ನಲ್ಲಿ ಯಾಕೆ ಬರೆಯಲಿಲ್ಲ?

"ಮಾನ್ಯರೇ, ನಾನು ಬಿ.ಕಾಂ. ಪದವೀಧರ. ಎಕ್ಸೆಲ್‌ನಲ್ಲಿ ಪರಿಣತಿ ಇದೆ. ಆಡಿಟರ್ ಆಫೀಸಿನಲ್ಲಿ ಇಂಟರ್ನ್‌ಶಿಪ್ ಮಾಡಿ ಜಿಎಸ್‌ಟಿ, ಟ್ಯಾಲಿಯಲ್ಲಿ ಉತ್ತಮ ಎಕ್ಸ್‌ಪೋಷರ್ ಪಡೆದಿದ್ದೇನೆ. ಶ್ರಮಜೀವಿ, ಬೇಗ ಕಲಿಯುತ್ತೇನೆ. ಅಕೌಂಟ್ಸ್ ಅಸಿಸ್ಟೆಂಟ್ ಹುದ್ದೆಗೆ ನನ್ನನ್ನು ಪರಿಗಣಿಸಬೇಕೆಂದು ಕೋರುತ್ತೇನೆ."

"ಸಂಪಾದಕರೇ, ಇಂಟರ್ನ್‌ಶಿಪ್‌ನಲ್ಲಿ ನಾನು ಮಾಡಿದ್ದು ಖರೀದಿ ರಿಜಿಸ್ಟರನ್ನು ಜಿಎಸ್‌ಟಿಆರ್-2ಬಿ ಜೊತೆ ತಾಳೆ ನೋಡುವ ಕೆಲಸ. ಸಣ್ಣದು ಅಂತ ಇಮೇಲ್‌ನಲ್ಲಿ ಬರೆದಿಲ್ಲ. ಹೇಗಿದೆ ಹೇಳಿ."

ನಮಸ್ಕಾರ. ನೇರವಾಗಿ ಹೇಳುತ್ತೇನೆ. ಈ ಇಮೇಲ್ ಓದಿದವರಿಗೆ ನಿಮಗೆ ಏನು ಬರುತ್ತದೆ ಅಂತ ಗೊತ್ತಾಗುವುದಿಲ್ಲ. ಕೆಲಸ ಕೊಡುವವರಿಗೆ ಬೇಕಾದ ಮಾತು ನನಗೆ ಬರೆದ ಟಿಪ್ಪಣಿಯಲ್ಲಿದೆ.

ಅದು ಸಣ್ಣ ಕೆಲಸ ಅಲ್ಲ. 2ಬಿ ಅಂದರೆ ಸಪ್ಲೈಯರ್‌ಗಳು ತಮ್ಮ ರಿಟರ್ನ್‌ನಲ್ಲಿ ತೋರಿಸಿದ ಬಿಲ್‌ಗಳ ಪಟ್ಟಿ. ಸಪ್ಲೈಯರ್ ಬಿಲ್ ಅದರಲ್ಲಿ ಕಾಣದಿದ್ದರೆ ಆ ತಿಂಗಳು ಅದರ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್, ಅಂದರೆ ಖರೀದಿಯಲ್ಲಿ ಕೊಟ್ಟ ತೆರಿಗೆಯನ್ನು ಕಟ್ಟಬೇಕಾದ ತೆರಿಗೆಯಲ್ಲಿ ಕಳೆಯುವ ಅವಕಾಶ, ತೆಗೆದುಕೊಳ್ಳುವ ಹಾಗಿಲ್ಲ. ಒಂದು ಲಕ್ಷದ ಸರಕಿಗೆ 18% ಅಂದರೆ 18,000 ರೂಪಾಯಿ. ಕ್ರೆಡಿಟ್ ಸಿಗದಿದ್ದರೆ ಅಷ್ಟನ್ನೂ ಅಂಗಡಿಯವರು ಸದ್ಯಕ್ಕೆ ಕೈಯಿಂದ ಕಟ್ಟಬೇಕು. 2ಬಿ ಬರುವುದು ಸಾಮಾನ್ಯವಾಗಿ ಮುಂದಿನ ತಿಂಗಳ 14ನೇ ತಾರೀಖಿಗೆ. ತಿಂಗಳಿಗೊಮ್ಮೆ ರಿಟರ್ನ್ ಹಾಕುವವರಿಗೆ ತೆರಿಗೆ ಕಟ್ಟುವ ರಿಟರ್ನ್ ಆದ ಜಿಎಸ್‌ಟಿಆರ್-3ಬಿಯ ಕಡೇ ದಿನ 20. ನಡುವಿನ ಆ ದಿನಗಳಲ್ಲಿ ಕೂತು ತಾಳೆ ನೋಡುವ ಒಬ್ಬರು ಬೇಕು ಅಂತಲೇ ಎಷ್ಟೋ ಆಫೀಸುಗಳು ಅಸಿಸ್ಟೆಂಟ್ ಹುಡುಕುತ್ತವೆ.

"ಎಕ್ಸೆಲ್‌ನಲ್ಲಿ ಪರಿಣತಿ" ಎನ್ನುವುದನ್ನು ತೆಗೆದುಬಿಡಿ. ಎಲ್ಲರೂ ಹಾಗೇ ಬರೆಯುತ್ತಾರೆ, ಅಲ್ವಾ? ಎಕ್ಸೆಲ್ ಇಟ್ಟುಕೊಂಡು ಯಾವ ತೊಡಕು ಬಿಡಿಸಿದಿರಿ ಅನ್ನುವುದನ್ನು ಬರೆಯಿರಿ. ಈ ಕೆಲಸದಲ್ಲಿ ತೊಡಕು ಎಲ್ಲಿರುತ್ತದೆ ಅಂತ ನಿಮಗೇ ಗೊತ್ತು. ನಮ್ಮ ಪುಸ್ತಕದಲ್ಲಿ ಬಿಲ್ ನಂಬರ್ 45 ಅಂತ ಇರುತ್ತದೆ, ಸಪ್ಲೈಯರ್ SE/045 ಅಂತ ಹಾಕಿರುತ್ತಾರೆ. ಬರೀ ಬಿಲ್ ನಂಬರ್ ಹಿಡಿದು ಹುಡುಕಿದರೆ ಇನ್ನೊಬ್ಬ ಸಪ್ಲೈಯರ್‌ನ 45 ಬಂದು ಕೂರುತ್ತದೆ. ಅದಕ್ಕೇ ಜಿಎಸ್‌ಟಿ ನಂಬರ್ ಮತ್ತು ಬಿಲ್ ನಂಬರ್ ಸೇರಿಸಿ ಒಂದು ಕಾಲಂ ಮಾಡಿಕೊಳ್ಳುವುದು. ಒಂದೇ ಬಿಲ್ ಎರಡು ತೆರಿಗೆ ದರದಲ್ಲಿ ಎರಡು ಸಾಲಾಗಿ ಬಂದಿದ್ದರೆ VLOOKUP ಮೊದಲ ಸಾಲನ್ನಷ್ಟೇ ತರುತ್ತದೆ, ಮೊತ್ತ ಕಡಿಮೆ ಕಾಣುತ್ತದೆ. ಅಲ್ಲಿ SUMIFS ಬೇಕು:

```
=TRIM(B2)&"|"&TRIM(C2)
=SUMIFS('2B'!F:F,'2B'!A:A,A2)
```

B ಕಾಲಂನಲ್ಲಿ ಜಿಎಸ್‌ಟಿ ನಂಬರ್, C ಕಾಲಂನಲ್ಲಿ ಬಿಲ್ ನಂಬರ್, 2B ಶೀಟಿನ F ಕಾಲಂನಲ್ಲಿ ಮೊತ್ತ ಇದೆ ಅಂದುಕೊಳ್ಳಿ. ಮೊದಲನೆಯದು ಎರಡೂ ಶೀಟಿನ A ಕಾಲಂಗೆ, ಎರಡನೆಯದು ರಿಜಿಸ್ಟರ್ ಪಕ್ಕಕ್ಕೆ. ಇದರಿಂದ SE/045 ತಾನಾಗಿ 45 ಆಗುವುದಿಲ್ಲ. ಉಳಿದ ಬಿಲ್‌ಗಳನ್ನು ಮೊತ್ತ, ತಾರೀಖು ನೋಡಿ ಕಣ್ಣಲ್ಲೇ ಹೊಂದಿಸಬೇಕು. ಸಂದರ್ಶನದಲ್ಲಿ ಕೇಳುವುದೂ ಬಹುಶಃ ಇದನ್ನೇ.

ಫಾರ್ಮುಲಾ ಇಮೇಲ್‌ನಲ್ಲಿ ಬೇಡ. ಅಲ್ಲಿ ಹೀಗೆ ಬರೆಯಬಹುದು:

"ಇಂಟರ್ನ್‌ಶಿಪ್‌ನಲ್ಲಿ ಕ್ಲೈಂಟ್‌ಗಳ ಖರೀದಿ ರಿಜಿಸ್ಟರನ್ನು ಪ್ರತಿ ತಿಂಗಳು ಜಿಎಸ್‌ಟಿಆರ್-2ಬಿ ಜೊತೆ ಎಕ್ಸೆಲ್‌ನಲ್ಲಿ ತಾಳೆ ನೋಡುತ್ತಿದ್ದೆ. ಹೊಂದದ ಬಿಲ್‌ಗಳನ್ನು ಸಪ್ಲೈಯರ್‌ವಾರು ಪಟ್ಟಿ ಮಾಡಿ, ನಂಬರ್ ತಪ್ಪೋ, ಸಪ್ಲೈಯರ್ ಇನ್ನೂ ರಿಟರ್ನ್ ಹಾಕಿಲ್ಲವೋ, ನಮ್ಮಲ್ಲೇ ಎಂಟ್ರಿ ತಪ್ಪಿದೆಯೋ ಅಂತ ಗುರುತಿಸಿ ಸೀನಿಯರ್‌ಗೆ ಕೊಡುತ್ತಿದ್ದೆ. 3ಬಿ ಫೈಲ್ ಮಾಡುವುದನ್ನು ಪಕ್ಕದಲ್ಲಿ ಕೂತು ನೋಡಿದ್ದೇನೆ, ನಾನೇ ಮಾಡಿಲ್ಲ."

ಇದರಲ್ಲಿ ನೀವು ಮಾಡದೇ ಇದ್ದದ್ದು ಏನಾದರೂ ಇದ್ದರೆ ಹೊಡೆದುಹಾಕಿ. ಕೊನೆಯ ವಾಕ್ಯ ಬಿಡಬೇಡಿ. "ಎಕ್ಸ್‌ಪೋಷರ್" ಅಂದರೆ ಮಾಡಿದ್ದೂ ಆಗಬಹುದು, ನೋಡಿದ್ದೂ ಆಗಬಹುದು. ಓದುವವರು ಕಡಿಮೆಯದನ್ನೇ ಲೆಕ್ಕಕ್ಕೆ ಹಿಡಿಯುತ್ತಾರೆ. ಎರಡನ್ನೂ ಬೇರೆ ಮಾಡಿ ಹೇಳಿದರೆ ಮಾಡಿದ್ದನ್ನು ನಂಬುತ್ತಾರೆ.

"ಶ್ರಮಜೀವಿ, ಬೇಗ ಕಲಿಯುತ್ತೇನೆ" ಕೂಡ ಹೋಗಲಿ. ಆ ಜಾಗದಲ್ಲಿ ಟ್ಯಾಲಿಯಲ್ಲಿ ಯಾವ ವೋಚರ್ ಎಂಟ್ರಿಗಳನ್ನು ನೀವೇ ಹಾಕಿದ್ದೀರಿ ಅಂತ ಒಂದು ವಾಕ್ಯ ಸಾಕು. ಸಬ್ಜೆಕ್ಟ್‌ನಲ್ಲಿ ಹುದ್ದೆ, ನಿಮ್ಮ ಹೆಸರು, ಯಾವತ್ತಿನಿಂದ ಬರಬಲ್ಲಿರಿ ಅನ್ನುವುದು ಇರಲಿ.

ಒಂದು ವಿಷಯ ಮಾತ್ರ ಗಟ್ಟಿಯಾಗಿ ಹೇಳಬೇಕು. ಕೆಲಸ ತೋರಿಸುವ ಆಸೆಗೆ ಆಡಿಟರ್ ಆಫೀಸಿನ ಫೈಲ್ ಲಗತ್ತಿಸಬೇಡಿ, ಕ್ಲೈಂಟ್ ಹೆಸರನ್ನೂ ಬರೆಯಬೇಡಿ. ಒಬ್ಬರ ಲೆಕ್ಕ ಹೊರಗೆ ಬಿಟ್ಟವರನ್ನು ಇನ್ನೊಬ್ಬರು ಲೆಕ್ಕಕ್ಕೆ ಕೂರಿಸುವುದಿಲ್ಲ. ಬೇಕಿದ್ದರೆ ಕಾಲ್ಪನಿಕ ಹೆಸರು ಹಾಕಿ ಇಪ್ಪತ್ತು ಬಿಲ್‌ಗಳ ಒಂದು ಶೀಟ್ ಮಾಡಿ. ನಾಲ್ಕೈದು ಬೇಕಂತಲೇ ತಪ್ಪಿರಲಿ, ಪಕ್ಕದಲ್ಲಿ ಕಾರಣ ಬರೆದಿರಲಿ. ಅದನ್ನು ಇಮೇಲ್‌ಗೆ ಲಗತ್ತಿಸಿ, ತಿದ್ದಿದ ಪ್ರತಿಯನ್ನು ನನಗೂ ಕಳಿಸಿ.