ಕೈಬರಹದ ಅಂಕಪಟ್ಟಿಯ ಒಟ್ಟು ತಾಳೆಯಾಗದಿದ್ದರೆ

"ಎಸ್ಸೆಸ್ಸೆಲ್ಸಿ ಪೂರ್ವಸಿದ್ಧತಾ ಪರೀಕ್ಷೆಯ ಕೈಬರಹದ ಅಂಕಪಟ್ಟಿ ಎಕ್ಸೆಲ್‌ಗೆ ಹಾಕಿದ್ದೇನೆ. ಕೆಲವರ ಒಟ್ಟು ಹೊಂದುತ್ತಿಲ್ಲ, ತಪ್ಪು ಎಲ್ಲಿದೆ ಅಂತ ಬೇಗ ಹುಡುಕೋದು ಹೇಗೆ?"

ಮೇಷ್ಟ್ರು ಬರೆದ ಒಟ್ಟನ್ನು ತಿದ್ದಬೇಡಿ, ಇದ್ದಂತೆಯೇ I ಕಾಲಂಗೆ ಹಾಕಿ. ಆರು ವಿಷಯದ ಅಂಕಗಳು C ಇಂದ H ವರೆಗೆ ಇವೆ ಅಂದುಕೊಳ್ಳೋಣ. J2ಗೆ ಮೊದಲ ಸಾಲು, K2ಗೆ ಎರಡನೆಯದು:

```
=SUM(C2:H2)
=J2-I2
```

ಎರಡನ್ನೂ ಕೊನೆಯ ವಿದ್ಯಾರ್ಥಿಯವರೆಗೆ ಕೆಳಕ್ಕೆ ಎಳೆದು, K ಸೊನ್ನೆಯಲ್ಲದ ಸಾಲುಗಳನ್ನಷ್ಟೇ ನೋಡಿ. ವ್ಯತ್ಯಾಸವೇ ತಪ್ಪಿನ ಜಾಡು ಹೇಳುತ್ತದೆ. ಪಟ್ಟಿಯಲ್ಲಿ 98, 84, 76, 81, 67, 59, ಒಟ್ಟು 465 ಇದೆ ಅಂದುಕೊಳ್ಳಿ. ನಿಮ್ಮದು 474 ಬಂದರೆ ವ್ಯತ್ಯಾಸ 9. ಒಂಬತ್ತರಿಂದ ಭಾಗವಾದರೆ ಅಂಕಿ ಅದಲುಬದಲಾಗಿರುವ ಸಾಧ್ಯತೆ ಹೆಚ್ಚು. ಇಲ್ಲಿ 67 ಅನ್ನು 76 ಎಂದು ಹೊಡೆದಿರಬಹುದು. 384 ಬಂದರೆ 81 ಕಮ್ಮಿ. ಇದೂ ಒಂಬತ್ತರಿಂದ ಭಾಗವಾಗುತ್ತದೆ, ಆದರೆ ಪಟ್ಟಿಯ ಒಂದು ಅಂಕಕ್ಕೇ ಸರಿಸಮ, ಅಂದರೆ ಆ ಅಂಕ ಲೆಕ್ಕಕ್ಕೇ ಸೇರಿಲ್ಲದಿರಬಹುದು: ಕೋಶ ಟೆಕ್ಸ್ಟ್ ಆಗಿದ್ದರೆ ಅಂಕ ಸಾಮಾನ್ಯವಾಗಿ ಎಡಕ್ಕೆ ಅಂಟಿಕೊಂಡಿರುತ್ತದೆ. SUM ಅದನ್ನು ಸದ್ದಿಲ್ಲದೆ ಬಿಟ್ಟುಬಿಡುತ್ತದೆ. ನಿಮ್ಮ ಅಂಕಗಳೆಲ್ಲ ಸರಿಯಿದ್ದರೆ ಮೇಷ್ಟ್ರ ಕೂಡಿಕೆಯೇ ತಪ್ಪು, ಅವರಿಗೇ ತೋರಿಸಿ ಸಹಿ ಹಾಕಿಸಿಕೊಳ್ಳಿ.

ಎರಡು ತಪ್ಪು ಒಂದನ್ನೊಂದು ಹೊಡೆದುಹಾಕಿದರೆ K ಸೊನ್ನೆಯೇ ಇರುತ್ತದೆ. ಅದಕ್ಕೇ ಪ್ರತಿ ವಿಷಯದ ಕಾಲಂ ಅನ್ನೂ ಕೆಳಗೆ ಕೂಡಿ, ವಿಷಯ ಶಿಕ್ಷಕರ ಪಟ್ಟಿಯ ಒಟ್ಟಿನೊಂದಿಗೆ ಹೋಲಿಸಿ.

ಗ್ರೇಡನ್ನು ಶೇಕಡಾ ನೋಡಿ ಹಾಕಬೇಡಿ, ಒಟ್ಟು ನೋಡಿ ಹಾಕಿ. 625ಕ್ಕೆ 562 ಬಂದರೆ 89.92, ದಶಮಾಂಶ ಮುಚ್ಚಿಟ್ಟರೆ ಪರದೆಯಲ್ಲಿ 90 ಕಾಣುತ್ತದೆ, ಆದರೆ ಎ ಪ್ಲಸ್ ಶುರುವಾಗೋದು 563ಕ್ಕೆ.