ವಾರದ ಮಾತುಕತೆ ಜಗಳವಾಗುತ್ತಿದ್ದರೆ

*ಮದುವೆಯಾಗಿ ನಾಲ್ಕು ವರ್ಷ, ಇಬ್ಬರೂ ಕೆಲಸಕ್ಕೆ ಹೋಗುತ್ತೇವೆ. ವಾರಕ್ಕೊಮ್ಮೆ ಕೂತು ಎಲ್ಲ ಮಾತಾಡೋಣ ಅಂತ ಭಾನುವಾರ ರಾತ್ರಿ ಶುರು ಮಾಡಿದೆವು. ಮೂರೇ ವಾರಕ್ಕೆ ಬರೀ ದೂರು, ಜಗಳ. ಬಿಟ್ಟುಬಿಡೋದಾ?*
— ಓದುಗರು, ದಾವಣಗೆರೆ

ಬಿಡಬೇಡಿ, ಮೊದಲು ಹೊತ್ತು ಬದಲಿಸಿ. ಭಾನುವಾರ ರಾತ್ರಿ ಇಬ್ಬರ ತಲೆಯಲ್ಲೂ ಸೋಮವಾರದ ಕೆಲಸವೇ ಓಡುತ್ತಿರುತ್ತದೆ, ನಿದ್ದೆಯೂ ಎಳೆಯುತ್ತಿರುತ್ತದೆ. ಬೆಳಿಗ್ಗೆ ತಿಂಡಿಯಾದ ಮೇಲೆ 40 ನಿಮಿಷ ಇಟ್ಟುಕೊಳ್ಳಿ. ಮನೆಯಲ್ಲಿ ಹಿರಿಯರಿದ್ದರೆ ತಾರಸಿಗೋ ಪಾರ್ಕಿಗೋ ಹೋಗಿ. ಪಕ್ಕದ ಕೋಣೆಗೆ ಕೇಳಿಸುತ್ತದೆ ಎನ್ನುವಾಗ ಯಾರೂ ಮನಸ್ಸು ಬಿಚ್ಚುವುದಿಲ್ಲ.

ಇನ್ನು ಮಾತಿನ ಕ್ರಮ. ದಂಪತಿಗಳ ಮಾತುಕತೆಯನ್ನು ದಶಕಗಳ ಕಾಲ ಅಧ್ಯಯನ ಮಾಡಿದ ಅಮೆರಿಕದ ಮನಶ್ಶಾಸ್ತ್ರಜ್ಞ ಜಾನ್ ಗಾಟ್ಮನ್, ಇಂಥ ಮಾತುಕತೆಯನ್ನು ತಲಾ ಐದು ಮೆಚ್ಚುಗೆಗಳಿಂದ ಶುರು ಮಾಡಲು ಹೇಳುತ್ತಾರೆ. ಐದು ಹೊಳೆಯದಿದ್ದರೆ ಎರಡಾದರೂ ಹೇಳಿ, ಆದರೆ ನಡೆದದ್ದನ್ನೇ ಹೇಳಿ. ‘ನೀನು ಒಳ್ಳೆಯವಳು’ ಎಂದರೆ ಏನೂ ತಿಳಿಯುವುದಿಲ್ಲ. ‘ಮಂಗಳವಾರ ಅಪ್ಪನನ್ನು ಆಸ್ಪತ್ರೆಗೆ ಕರ್ಕೊಂಡು ಹೋದೆಯಲ್ಲ, ನನಗೆ ಆಫೀಸಲ್ಲಿ ನಿರಾಳ ಆಯ್ತು’ ಎಂದರೆ ಮನಸ್ಸಿಗೆ ಮುಟ್ಟುತ್ತದೆ. ಆಮೇಲೆ ವಾರ ಹೇಗಿತ್ತು ಎಂದು ಇಬ್ಬರೂ ಐದೈದು ನಿಮಿಷ ಹೇಳಿಕೊಳ್ಳಿ. ಆಗ ಸಲಹೆ ಬೇಡ, ಕೇಳಿಸಿಕೊಂಡರೆ ಸಾಕು.

ಕಿರಿಕಿರಿಯ ಸರದಿ ಆಮೇಲೆ. ವಾರಕ್ಕೆ ಒಬ್ಬರಿಗೆ ಒಂದೇ. ನಿಮ್ಮ ಮಾತುಕತೆ ಕೆಟ್ಟದ್ದು ಇಲ್ಲೇ ಇರಬೇಕು: ಒಂದು ದೂರಿಗೆ ಉತ್ತರವಾಗಿ ಇನ್ನೊಂದು ಬಂದರೆ ಮೊದಲನೆಯದು ಇತ್ಯರ್ಥವಾಗುವುದೇ ಇಲ್ಲ. ಗಂಡ ಹೇಳದೆ ಕೇಳದೆ ತಡವಾಗಿ ಬರುತ್ತಾರೆ ಎಂದುಕೊಳ್ಳಿ. ‘ನಿಮ್ಮದು ಯಾವಾಗಲೂ ಇದೇ ಕಥೆ’ ಎಂದರೆ ಅವರು ತಡವಾಗದ ದಿನಗಳ ಲೆಕ್ಕ ಕೊಡಲು ಶುರು ಮಾಡುತ್ತಾರೆ. ‘ಬುಧವಾರ ಒಂಬತ್ತೂವರೆ ಆಯ್ತು, ಊಟಕ್ಕೆ ಕಾಯ್ತಾ ಕೂತಿದ್ದೆ, ಬೇಜಾರಾಯ್ತು. ಎಂಟಕ್ಕೆ ಒಂದು ಮೆಸೇಜ್ ಹಾಕಿ’ ಎಂದು ನೋಡಿ. ಇದರಲ್ಲಿ ದಿನವಿದೆ, ನಿಮಗಾದ ಬೇಸರವಿದೆ, ಅವರು ಮಾಡಬಹುದಾದ ಕೆಲಸವಿದೆ. ಅವರು ಮೀಟಿಂಗಿನ ಕಾರಣ ಹೇಳುವ ಮುಂಚೆ ‘ಕಾದು ಬೇಜಾರಾಯ್ತು, ಒಂದು ಮೆಸೇಜ್ ಬೇಕಿತ್ತು, ಅಷ್ಟೇ ತಾನೆ?’ ಎಂದು ಕೇಳಿಕೊಳ್ಳಲಿ. ನೀವು ‘ಹೌದು’ ಎಂದ ಮೇಲೆ ಕಾರಣ ಹೇಳಲಿ. ಒಪ್ಪಿದ್ದನ್ನು ಎರಡು ವಾರ ಮಾಡಿ ನೋಡಿ, ಆಗದಿದ್ದರೆ ಬೇರೆ ದಾರಿ ಹುಡುಕಿ.

ಎದೆ ಡವಡವ ಹೊಡೆದುಕೊಂಡು ದನಿ ಏರತೊಡಗಿದರೆ ಅಲ್ಲಿಗೇ ನಿಲ್ಲಿಸಿ. ದೇಹ ತಣಿಯಲು ಕನಿಷ್ಠ 20 ನಿಮಿಷ ಬೇಕು, ಆ ಹೊತ್ತಿನಲ್ಲಿ ಮನಸ್ಸಿನಲ್ಲೇ ವಾದ ಹೆಣೆಯುತ್ತಿದ್ದರೆ ತಣಿಯುವುದಿಲ್ಲ. ಎಷ್ಟು ಗಂಟೆಗೆ ಮತ್ತೆ ಕೂರುತ್ತೀರಿ ಎಂದು ಹೇಳಿಯೇ ಏಳಿ. ಇಲ್ಲದಿದ್ದರೆ ಇನ್ನೊಬ್ಬರಿಗೆ ಬಿಟ್ಟು ಹೋದಂತೆ ಅನಿಸುತ್ತದೆ.

ಗ್ಯಾಸ್ ಬುಕಿಂಗ್, ಇಎಂಐ, ಊರಿನ ಮದುವೆಗೆ ಬಸ್ ಟಿಕೆಟ್ ಎಲ್ಲ ಕೊನೆಯ ಹತ್ತು ನಿಮಿಷಕ್ಕೆ. ಮೊದಲೇ ತೆಗೆದರೆ ಅದೇ ಇಡೀ ಹೊತ್ತು ನುಂಗುತ್ತದೆ. ಒಂದು ನೋಟ್‌ಬುಕ್ಕಿನಲ್ಲಿ ಕೆಲಸದ ಮುಂದೆ ಒಬ್ಬರದೇ ಹೆಸರು ಬರೆಯಿರಿ. ‘ಇಬ್ಬರೂ’ ಎಂದು ಬರೆದದ್ದು ಸಾಮಾನ್ಯವಾಗಿ ಯಾರಿಂದಲೂ ಆಗುವುದಿಲ್ಲ.

ಇದೆಲ್ಲ ಇಬ್ಬರೂ ಹೆದರದೆ ಮಾತಾಡಬಲ್ಲ ಮನೆಗೆ ಮಾತ್ರ. ಹೊಡೆತ, ಬೆದರಿಕೆ ಇರುವಲ್ಲಿ ಮನಸ್ಸು ಬಿಚ್ಚಿದರೆ ಅಪಾಯ ಹೆಚ್ಚಬಹುದು. ಅಂಥ ಹೆಣ್ಣುಮಕ್ಕಳು ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಬೇಕು.